ಒಣಗಿದ ಕಾರ್ಪೆಟ್‌ನಲ್ಲಿ ಒಂದು ಲೀಟರ್ ನೀರು: ಒಂದು ಪ್ರಕರಣ ಅಧ್ಯಯನ

ಮೈಸೂರಿನಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಎರಡು ಕಾರ್ಪೆಟ್ ಇವೆ. ಹಾಲ್‌ನಲ್ಲಿರುವುದು ಉಣ್ಣೆಯದ್ದು. ನಾಲ್ಕು ಅಡಿ ಅಗಲ, ಆರು ಅಡಿ ಉದ್ದ, ಉತ್ತರ ಪ್ರದೇಶದ ಭದೋಹಿ ಕಡೆಯ ಕೈಗಂಟಿನ ಕೆಲಸ, ಕೆಂಪು ನೆಲದ ಮೇಲೆ ನೀಲಿ ಬಳ್ಳಿ. ಮಕ್ಕಳ ರೂಮಿನಲ್ಲಿರುವುದು ಹೆಚ್ಚುಕಮ್ಮಿ ಅದೇ ಅಳತೆಯ ಮೆಷಿನ್ ನೇಯ್ಗೆಯ ಸಿಂಥೆಟಿಕ್. ಗೌರಿ ಹಬ್ಬ ಹತ್ತಿರ ಬಂತು ಅಂತ ಎರಡನ್ನೂ ಒಂದೇ ದಿನ ತಾರಸಿಯಲ್ಲಿ ತೊಳೆದಿದ್ದಾರೆ. ಅದೇ ಶಾಂಪೂ, ಅದೇ ನೀರು, ಅದೇ ಬ್ರಷ್ಷು. ಸಿಂಥೆಟಿಕ್ ಕಾರ್ಪೆಟ್ ಸಂಜೆಗೆಲ್ಲಾ ಒಣಗಿ ಮಕ್ಕಳ ರೂಮಿಗೆ ವಾಪಸ್ ಹೋಯಿತು. ಉಣ್ಣೆಯದ್ದು ಮೂರು ದಿನ ಗಾಳಿ ಬಿಸಿಲು ಕಂಡರೂ, ಹಾಲ್‌ನಲ್ಲಿ ಹಾಸಿದ ಮಾರನೆ ದಿನ ಹುಳಿ ವಾಸನೆ ಹೊಡೆಯತೊಡಗಿತು.

ಕಾರ್ಪೆಟ್ ತೊಳೆಯುವುದೇ ನನ್ನ ಕಸುಬು, ಹಾಗಾಗಿ ಫೋನ್ ನನಗೇ ಬಂತು. "ಏನೋ ಇದು, ಬಿಸಿಲಲ್ಲೇ ಒಣಗಿಸಿದೀನಿ ಕಣೋ. ಮುಟ್ಟಿ ನೋಡಿದ್ರೆ ಗರಿಗರಿ ಇದೆ. ವಾಸನೆ ಮಾತ್ರ ಬಕೆಟ್‌ನಲ್ಲಿ ಮರೆತುಬಿಟ್ಟ ನೆಲ ಒರೆಸೋ ಬಟ್ಟೆ ಥರ" ಅಂದರು. ವಾಸನೆಯನ್ನು ಅಷ್ಟು ಸರಿಯಾಗಿ ಹೇಳುವವರು ಕಡಿಮೆ. ಆ ಒಂದು ಮಾತಿನಿಂದಲೇ ಅರ್ಧ ವಿಷಯ ಗೊತ್ತಾಯಿತು. ಉಣ್ಣೆ ಒದ್ದೆಯಾದಾಗ ಕುರಿ ವಾಸನೆ ಬರುವುದು ಸಹಜ, ಒಣಗಿದ ಮೇಲೆ ಅದು ತಾನೇ ಹೋಗುತ್ತದೆ. ಹುಳಿ ಬೇರೆ. ಒದ್ದೆ ನೂಲಿನಲ್ಲಿ ಬ್ಯಾಕ್ಟೀರಿಯಾ ಕೂತು, ಅಲ್ಲಿರುವ ಬೆವರು, ಚೆಲ್ಲಿದ ಹಾಲು, ಉಳಿದ ಕೊಳೆ ಇವನ್ನು ತಿಂದು ಆಮ್ಲ ಬಿಡುತ್ತಿವೆ ಅಂತ ಅರ್ಥ. ಅಂದರೆ ಎಲ್ಲೋ ಇನ್ನೂ ಒದ್ದೆ ಇದೆ.

ಎಲ್ಲಿ ಒದ್ದೆ?

ನಾನು ಹೋದಾಗ ಕಾರ್ಪೆಟ್ ಟೈಲ್ಸ್ ನೆಲದ ಮೇಲೆ ಹಾಸಿತ್ತು. ಮೇಲೆ ಕೈಯಾಡಿಸಿದರೆ ನಿಜಕ್ಕೂ ಒಣಗಿದ ಹಾಗೇ ಇತ್ತು. ಆದರೆ ವಾಸನೆ ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಮಂಡಿಯೂರಿ ಒಂದು ಅಂಚಿನಿಂದ ಮೂಸುತ್ತಾ ಹೋದೆ. ಎರಡೂ ತುದಿಗಳಲ್ಲಿ ಏನೂ ಇಲ್ಲ. ನಡುವೆ, ಅಡ್ಡಲಾಗಿ, ಸುಮಾರು ಎರಡು ಗೇಣು ಅಗಲದ ಪಟ್ಟಿಯಲ್ಲಿ ಜೋರಾಗಿತ್ತು. ಕಾರ್ಪೆಟ್ ತಿರುಗಿಸಿ ಹಾಕಿ ಆ ಪಟ್ಟಿಯ ಹಿಂಬದಿಗೆ ಮುಂಗೈ ಒತ್ತಿದೆ. ತಣ್ಣಗಿತ್ತು. ಒಂದು ಮೊಳ ಆಚೆ ಒತ್ತಿದರೆ ತಣ್ಣಗಿರಲಿಲ್ಲ. ನೀರು ಆವಿಯಾಗುವಾಗ ಜಾಗವನ್ನು ತಂಪು ಮಾಡುತ್ತದೆ. ಬೆರಳಿಗೆ ಒದ್ದೆ ಅನ್ನಿಸದಿದ್ದರೂ ಮುಂಗೈಗೋ ಕೆನ್ನೆಗೋ ತಂಪು ಸಿಕ್ಕರೆ ಅಲ್ಲಿ ನೀರಿದೆ.

"ಹೇಗೆ ಒಣಗಿಸಿದ್ರಿ ಚಿಕ್ಕಮ್ಮ?" ಅಂತ ಕೇಳಿದೆ. ಕಾಂಪೌಂಡ್ ಗೋಡೆಯ ಮೇಲೆ ಮಡಿಸಿ ನೇತುಹಾಕಿದ್ದರಂತೆ. ಆ ವಾಸನೆಯ ಪಟ್ಟಿ ಗೋಡೆಯ ಮೇಲೆ ಕೂತಿದ್ದ ಜಾಗ. ಅಲ್ಲಿ ಕೆಳಗೆ ಸಿಮೆಂಟು, ಮೇಲೆ ಮಾತ್ರ ಗಾಳಿ. ಜೊತೆಗೆ ಒಂದೊಂದು ಸಂಜೆಯೂ ಮಳೆ ಹನಿಯುತ್ತದೆ ಅಂತ ಒಳಗೆ ತಂದು ಟೈಲ್ಸ್ ಮೇಲೆ ಮಲಗಿಸಿದ್ದಾರೆ. ರಾತ್ರಿಯಿಡೀ ಹಿಂಬದಿಗೆ ಗಾಳಿಯೇ ಇಲ್ಲ.

ಕಾರ್ಪೆಟ್ ಹೇಗೆ ಕಟ್ಟಿರುತ್ತಾರೆ ಅನ್ನುವುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಕೈಗಂಟಿನ ಕಾರ್ಪೆಟ್‌ನಲ್ಲಿ ಹಾಸು ಹೊಕ್ಕು ಸಾಮಾನ್ಯವಾಗಿ ಹತ್ತಿ ನೂಲು. ಆ ಹತ್ತಿಯ ಹಾಸು ನೂಲಿಗೆ ಒಂದೊಂದೇ ಉಣ್ಣೆ ಗಂಟು ಹಾಕಿ, ಪ್ರತಿ ಸಾಲನ್ನೂ ಕುಟ್ಟಿ ಬಿಗಿ ಮಾಡಿರುತ್ತಾರೆ. ನಾವು ಕಾಲಿಡುವುದು ಗಂಟಿನ ತುದಿಯ ಮೇಲೆ. ಹತ್ತಿ ಇರುವುದು ಬುಡದಲ್ಲಿ, ಒತ್ತಾಗಿ. ಮೇಲಿನ ಉಣ್ಣೆ ಎಳೆ ಬಿಡಿಬಿಡಿಯಾಗಿರುವುದರಿಂದ ಬೇಗ ಒಣಗುತ್ತದೆ. ಬುಡದ ಹತ್ತಿ ಕೊನೆಗೆ ಒಣಗುತ್ತದೆ. ಹುಳಿ ಹುಟ್ಟುವುದೂ ಅಲ್ಲೇ. ಮೇಲೆ ಸವರಿ "ಒಣಗಿದೆ" ಅನ್ನುವವರಿಗೆಲ್ಲ ಕಾರ್ಪೆಟ್ ಮೋಸ ಮಾಡುವುದು ಇಲ್ಲೇ.

ಉಣ್ಣೆಯ ಇನ್ನೊಂದು ಗುಣವೂ ಸೇರಿಕೊಳ್ಳುತ್ತದೆ. ಅದು ತನ್ನ ತೂಕದ ಸುಮಾರು 30 ಶೇಕಡದಷ್ಟು ತೇವವನ್ನು ಎಳೆಯ ಒಳಗೆ ಇಟ್ಟುಕೊಂಡರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಚಳಿಗಾಲದ ಸ್ವೆಟರ್‌ಗೆ ಇದು ಒಳ್ಳೆಯ ಗುಣ, ಕಾರ್ಪೆಟ್ ಒಣಗಿಸುವವರಿಗೆ ತಲೆನೋವು. ಸಿಂಥೆಟಿಕ್ ಕಾರ್ಪೆಟ್‌ಗಳಲ್ಲಿ ಜಾಸ್ತಿ ಬಳಸುವುದು ಪಾಲಿಪ್ರೊಪಿಲೀನ್. ಅದರ ಎಳೆ ನೀರನ್ನು ಒಳಗೆ ತೆಗೆದುಕೊಳ್ಳುವುದೇ ಇಲ್ಲ ಅನ್ನಬಹುದು. ನೀರು ಎಳೆಗಳ ನಡುವೆ ನಿಂತಿರುತ್ತದೆ, ಇಳಿದು ಹೋಗುತ್ತದೆ. ಚಿಕ್ಕಮ್ಮನ ಸಿಂಥೆಟಿಕ್ ಸಂಜೆಗೇ ಒಣಗಿದ್ದು ಅದಕ್ಕೆ. ಅದೇ ಧೈರ್ಯದಲ್ಲಿ ಉಣ್ಣೆಯದ್ದನ್ನೂ ಲೆಕ್ಕ ಹಾಕಿದ್ದರು.

ಸೋಪು ಇನ್ನೂ ಒಳಗೇ ಇತ್ತು

ಬರೀ ಒದ್ದೆಯ ಮೇಲೆ ತಪ್ಪು ಹೊರಿಸುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿದೆ. ವಾಸನೆ ಇಲ್ಲದ ಒಂದು ಮೂಲೆಯಲ್ಲಿ ಅರ್ಧ ಲೋಟ ಬರೀ ನೀರು ಸುರಿದು, ಬೆರಳ ತುದಿಯಲ್ಲಿ ಉಜ್ಜಿದೆ. ಸೋಪು ಹಾಕಿಲ್ಲ, ಆದರೂ ನೊರೆ ಬಂತು. ಬಿಳಿ ನೊರೆ, ಸಣ್ಣ ಸಣ್ಣ ಗುಳ್ಳೆ, ಒತ್ತಿದಷ್ಟೂ ಬರುತ್ತಲೇ ಇತ್ತು.

ತಲೆಗೆ ಹಾಕುವ ಶಾಂಪೂವನ್ನು ಬಾಟಲಿಯಿಂದ ನೇರವಾಗಿ ಕಾರ್ಪೆಟ್ ಮೇಲೆ ಸುರಿದು ಉಜ್ಜಿದ್ದರು. ಶಾಂಪೂ ಆಯ್ಕೆ ಕೆಟ್ಟದ್ದೇನಲ್ಲ. ಉಣ್ಣೆಯೂ ಕೂದಲಿನ ಥರದ್ದೇ ಪ್ರೋಟೀನು, ಅದಕ್ಕೆ ಕ್ಷಾರ ಇಲ್ಲದ ಸೋಪು ಬೇಕು. ಬಟ್ಟೆ ಒಗೆಯುವ ಪುಡಿ ಹಾಕಿದ್ದರೆ ಕಷ್ಟವಾಗುತ್ತಿತ್ತು. ಅದರಲ್ಲಿ ಕ್ಷಾರ ಜಾಸ್ತಿ, ಉಣ್ಣೆ ಒರಟಾಗುತ್ತದೆ, ಬಣ್ಣವೂ ಬಿಡಬಹುದು. ಕೆಲವು ಪುಡಿಗಳಲ್ಲಿ ಹಾಲು, ಮೊಟ್ಟೆ, ರಕ್ತದ ಕಲೆ ಕರಗಿಸುವ ಎಂಜೈಮ್ ಇರುತ್ತದೆ. ಪ್ರೋಟೀನ್ ಕರಗಿಸುವುದೇ ಅದರ ಕೆಲಸ, ಕಲೆ ಯಾವುದು ಉಣ್ಣೆ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ.

ತೊಂದರೆ ಇದ್ದದ್ದು ಶಾಂಪೂವಿನ ಅಳತೆಯಲ್ಲಿ. ತಲೆಗೆ ಹಾಕುವ ಶಾಂಪೂ ನೊರೆ ಬರಲಿ ಅಂತಲೇ ಮಾಡಿದ್ದು. ಅದರಲ್ಲಿ ಕೂದಲು ನುಣುಪಾಗಲಿ ಅಂತ ಅಂಟಿಕೊಳ್ಳುವ ವಸ್ತುಗಳೂ ಇರುತ್ತವೆ. ಇಂಥದ್ದನ್ನು ಧಾರಾಳವಾಗಿ ಸುರಿದರೆ, ಎರಡು ಸಲ ಪೈಪ್ ಹಿಡಿದ ಮಾತ್ರಕ್ಕೆ ಬುಡದಿಂದ ಹೊರಗೆ ಬರುವುದಿಲ್ಲ. ಉಳಿದ ಸೋಪು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೊಸ ಧೂಳನ್ನೂ ಎಳೆಯುತ್ತದೆ. ತೊಳೆದ ಮೇಲೆ ಕಾರ್ಪೆಟ್ ಇನ್ನೂ ಬೇಗ ಕೊಳೆಯಾಗುತ್ತದೆ ಅಂತ ಜನ ದೂರುವುದು ಇದಕ್ಕೇ.

ಮೂರನೆಯದು ತೂಕ. ಮನೆಯಲ್ಲಿ ಆಳು ತೂಗುವ ಡಿಜಿಟಲ್ ತಕ್ಕಡಿ ಇತ್ತು. ಕಾರ್ಪೆಟ್ ಸುತ್ತಿ ಎತ್ತಿಕೊಂಡು ನಿಂತೆ, ಆಮೇಲೆ ನನ್ನ ತೂಕ ಕಳೆದೆ. 9.4 ಕೆಜಿ. ಆಗ ಅದು ಒಂದು ಅಂಕಿ ಅಷ್ಟೇ, ಹೋಲಿಸಲು ಏನೂ ಇರಲಿಲ್ಲ. ಆದರೂ ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಲು ಹೇಳಿದೆ.

ಚಿಕ್ಕಮ್ಮ ಅಡುಗೆ ಸೋಡಾ ಉದುರಿಸೋಣವಾ ಅಂದರು. ಬೇಡ ಅಂದೆ. ಸೋಡಾ ಪುಡಿ ಮೇಲಿನ ವಾಸನೆಯನ್ನು ಸ್ವಲ್ಪ ಹೊತ್ತು ಹೀರುತ್ತದೆ, ಬುಡದ ಒದ್ದೆಯನ್ನು ತಲುಪುವುದಿಲ್ಲ. ಒದ್ದೆ ಉಣ್ಣೆಗೆ ಅದೂ ಕ್ಷಾರವೇ. ಸುಗಂಧದ ಸ್ಪ್ರೇ, ಡೆಟಾಲ್, ಫಿನಾಯಿಲ್ ಇವೆಲ್ಲ ವಾಸನೆಯ ಮೇಲೆ ಇನ್ನೊಂದು ವಾಸನೆ. ಹುಳಿ ಹಿಡಿದ ಕಾರ್ಪೆಟ್‌ಗೆ ಇರುವ ದಾರಿ ಒಂದೇ: ಮತ್ತೆ ಒದ್ದೆ ಮಾಡಿ, ಸೋಪೆಲ್ಲ ತೆಗೆದು, ಈ ಸಲ ಸರಿಯಾಗಿ ಒಣಗಿಸುವುದು. ಕೇಳುವವರಿಗೆ ಹುಚ್ಚು ಅನ್ನಿಸುತ್ತದೆ, ನಿಜ.

ಮತ್ತೆ ಒದ್ದೆ ಮಾಡುವ ಮುಂಚೆ

ಮೊದಲು ಮೂಲೆಯೊಂದನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಮಡಿಸಿದೆ. ಬಹಳ ಕಾಲ ಒದ್ದೆಯಲ್ಲಿದ್ದು ಹತ್ತಿ ಕೊಳೆತಿದ್ದರೆ ಮಡಿಸುವಾಗ ಪಟಪಟ ಅಂತ ಎಳೆ ಮುರಿಯುವ ಸದ್ದು ಬರುತ್ತದೆ. ಅಂಥ ಕಾರ್ಪೆಟ್‌ಗೆ ಮನೆಯಲ್ಲಿ ನೀರು ಹಾಕಲೇಬಾರದು, ಎತ್ತುವಾಗ ಅದರ ತೂಕಕ್ಕೇ ಹರಿಯುತ್ತದೆ. ಇದರಲ್ಲಿ ಸದ್ದಿರಲಿಲ್ಲ. ಕೆಲವು ದಿನದ ಒದ್ದೆಗೆ ಹತ್ತಿ ಅಷ್ಟು ಬೇಗ ಸೋಲುವುದಿಲ್ಲ.

ಆಮೇಲೆ ಬಣ್ಣ. ಬಿಳಿ ಕರವಸ್ತ್ರವನ್ನು ಶಾಂಪೂ ನೀರಿನಲ್ಲಿ ಅದ್ದಿ ಕೆಂಪಿನ ಮೇಲೆ ಒಂದು ನಿಮಿಷ ಒತ್ತಿ ಹಿಡಿದೆ, ನಂತರ ನೀಲಿಯ ಮೇಲೆ. ಕೆಂಪು ಏನೂ ಬಿಡಲಿಲ್ಲ. ನೀಲಿ ತೀರಾ ಮಸುಕಾಗಿ ಬಂತು. ಬಟ್ಟೆಗೆ ಗಾಢವಾಗಿ ಬಣ್ಣ ಬಂದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಕೆಂಪು ಹರಿದು ಕೆನೆ ಬಣ್ಣದ ಅಂಚಿಗೆ ಇಳಿದರೆ ಅದನ್ನು ಮನೆಯಲ್ಲಿ ತೆಗೆಯುವುದು ಆಗದ ಮಾತು.

ದಿನ ಆರಿಸುವುದೂ ಕೆಲಸದ ಭಾಗವೇ. ಆಗಸ್ಟ್‌ನಲ್ಲಿ ಮೈಸೂರಿನ ಬಿಸಿಲನ್ನು ನಂಬುವ ಹಾಗಿಲ್ಲ, ಆದರೆ ಗಾಳಿ ಚೆನ್ನಾಗಿ ಬೀಸುತ್ತದೆ. ಒಣಗಿಸುವುದಕ್ಕೆ ಬಿಸಿಲಿಗಿಂತ ಗಾಳಿ ಮುಖ್ಯ. ಬೆಳಗ್ಗೆ ಮೋಡವಿದ್ದರೂ ಮಳೆ ಇಲ್ಲದ, ಗಾಳಿ ಇರುವ ಒಂದು ದಿನ ಸಿಕ್ಕಿದರೆ ಸಾಕು. ಇದೇ ಕೆಲಸವನ್ನು ಜುಲೈನಲ್ಲಿ ಮಂಗಳೂರಲ್ಲೋ ಆಗುಂಬೆಯಲ್ಲೋ ಮಾಡಿ ಅಂದರೆ ನಾನು ಒಪ್ಪುವುದಿಲ್ಲ. ಅಲ್ಲಿ ಗಾಳಿಯೇ ನೀರು ತುಂಬಿಕೊಂಡಿರುತ್ತದೆ, ಇನ್ನಷ್ಟು ನೀರು ಎಲ್ಲಿ ಹಿಡಿದೀತು? ಅಂಥ ಕಡೆ ಫೆಬ್ರವರಿ, ಮಾರ್ಚಿನ ತನಕ ಕಾಯುವುದೇ ಸರಿ.

ನಡುವೆ ಸಿಕ್ಕ ದಿನಗಳಲ್ಲಿ ಕಾರ್ಪೆಟ್ ಅನ್ನು ನೆಲದಿಂದ ಎತ್ತಿ ಊಟದ ಕುರ್ಚಿಗಳ ಮೇಲೆ ಉಲ್ಟಾ ಹಾಕಿ, ಕೆಳಗೊಂದು ಟೇಬಲ್ ಫ್ಯಾನ್ ಬಿಡಿಸಿದೆ. ವಾಸನೆ ಹೋಗಲಿ ಅಂತಲ್ಲ, ಇನ್ನೂ ಹೆಚ್ಚದಿರಲಿ ಅಂತ. ಒಣಗಿದ ಮೇಲೆ ಹಿಂಬದಿಯಿಂದ ಬಡಿದು ಧೂಳನ್ನೂ ಉದುರಿಸಿದ್ದಾಯಿತು. ಚೆನ್ನಾಗಿ ಒಣಗಿದಾಗಲೇ ಧೂಳು ಬೀಳುವುದು. ಧೂಳಿರುವಾಗಲೇ ನೀರು ಹಾಕಿದರೆ ಅದು ಕೆಸರಾಗಿ ಬುಡಕ್ಕೆ ಇಳಿಯುತ್ತದೆ. ಮೊದಲ ಸಲ ಈ ಹೆಜ್ಜೆ ಬಿಟ್ಟುಹೋಗಿತ್ತು ಅನ್ನುವುದಕ್ಕೆ ಸಾಕ್ಷಿ ಪೇಪರ್ ಮೇಲೆ ಬಿದ್ದ ಮರಳಿನ ರಾಶಿ.

ತೊಳೆದದ್ದು

ತಾರಸಿಯಲ್ಲಿ ನೀರು ಹರಿಯುವ ಇಳಿಜಾರು ನೋಡಿಕೊಂಡು ಕಾರ್ಪೆಟ್ ಹಾಸಿದೆವು. ಉಣ್ಣೆ ಎಳೆ ಒಂದು ಕಡೆಗೆ ಮಲಗಿರುತ್ತದೆ, ಕೈಯಾಡಿಸಿದರೆ ಗೊತ್ತಾಗುತ್ತದೆ: ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಒರಟು. ನುಣುಪಿನ ದಿಕ್ಕು ಇಳಿಜಾರಿನ ಕಡೆಗೆ ಇರಬೇಕು. ಮುಂದೆ ವೈಪರ್ ಎಳೆಯುವುದು ಆ ದಿಕ್ಕಿಗೇ.

ಈ ಸಲ ಹೊಸ ಶಾಂಪೂ ಬಹಳ ಬೇಕಿರಲಿಲ್ಲ, ಹಳೆಯದೇ ಸಾಕಷ್ಟು ಒಳಗಿತ್ತು. ಹತ್ತು ಲೀಟರ್ ಬಕೆಟ್‌ಗೆ ಎರಡು ಚಮಚ ಉಣ್ಣೆ ಬಟ್ಟೆಯ ದ್ರವ ಸೋಪು ಹಾಕಿದೆ. ಮೊದಲ ಸಲ ತೊಳೆಯುವವರಿಗೂ ಬಕೆಟ್‌ಗೆ ಇದಕ್ಕಿಂತ ಜಾಸ್ತಿ ಬೇಕಾಗುವುದು ಅಪರೂಪ. ನೀರು ತಣ್ಣಗಿರಲಿ. ಬಿಸಿನೀರು ಮತ್ತು ಜೋರು ಉಜ್ಜಾಟ ಸೇರಿದರೆ ಉಣ್ಣೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ, ಆಮೇಲೆ ಬಿಡಿಸುವುದಕ್ಕೆ ಆಗುವುದಿಲ್ಲ. ಮೆದು ಬ್ರಷ್ಷಿನಿಂದ ಎಳೆ ಮಲಗಿದ ದಿಕ್ಕಿಗೆ ಉಜ್ಜಿದರೆ ಸಾಕು. ಸುತ್ತು ಸುತ್ತು ಉಜ್ಜುವುದು ಬೇಡ.

ಅಂಟುವಾಳ ಕಾಯಿ ನೆನೆಸಿ ಹಾಕಬಹುದಿತ್ತಲ್ವಾ ಅಂತ ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಕೇಳಿದರು. ಖಂಡಿತ ಹಾಕಬಹುದು. ಉಣ್ಣೆಗೂ ರೇಷ್ಮೆಗೂ ಅದು ಮೆದುವಾದ ಸೋಪು. ಆದರೆ ಅದರ ನೀರು ಕಂದು ಬಣ್ಣದ್ದು, ಬಿಳಿ ಅಥವಾ ಕೆನೆ ಬಣ್ಣದ ಉಣ್ಣೆಗೆ ಛಾಯೆ ಹಿಡಿಯಬಹುದು. ಇಲ್ಲಿ ಅಂಚು ಕೆನೆ ಬಣ್ಣ, ಅದಕ್ಕೆ ಬಿಟ್ಟೆ.

ಉಜ್ಜಿದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಜಾಲಿಸುವುದಕ್ಕೆ. ಪೈಪ್‌ನಿಂದ ನೀರು ಬಿಡುವುದು, ರಬ್ಬರ್ ವೈಪರ್ ಒತ್ತಿ ಇಳಿಜಾರಿನ ಕಡೆಗೆ ಎಳೆಯುವುದು, ಮತ್ತೆ ನೀರು, ಮತ್ತೆ ವೈಪರ್. ಬರೀ ನೀರು ಬಿಟ್ಟರೆ ಅದು ಮೇಲೆಯೇ ಹರಿದು ಹೋಗುತ್ತದೆ. ವೈಪರ್ ಒತ್ತಿದಾಗಲೇ ಬುಡದ ಸೋಪು ಮೇಲೆ ಬರುವುದು. ನೆಲ ಒರೆಸುವಾಗಿನ ಹಾಗೆ ಹಗುರವಾಗಿ ಎಳೆದರೆ ಪ್ರಯೋಜನ ಇಲ್ಲ, ಎರಡೂ ಕೈಯ ಭಾರ ಬಿಟ್ಟು ನಿಧಾನಕ್ಕೆ ಎಳೆಯಬೇಕು. ರಬ್ಬರಿನ ಮುಂದೆ ಬೂದು ನೊರೆಯ ಒಂದು ದಿಂಡು ಎದ್ದು ಉರುಳುತ್ತಾ ಬರುತ್ತದೆ. ಪ್ರತಿ ಸುತ್ತಿಗೂ ಆ ದಿಂಡು ತೆಳ್ಳಗಾಗುತ್ತದೆ, ಬೆಳ್ಳಗಾಗುತ್ತದೆ, ಆಮೇಲೆ ಬರೀ ನೀರು. ನಂತರ ಕಾರ್ಪೆಟ್ ತಿರುಗಿಸಿ ಹಿಂಬದಿಗೂ ಇದೇ ಉಪಚಾರ.

ಸಾಕೋ ಬೇಡವೋ ಅಂತ ಕಣ್ಣಳತೆಯಲ್ಲಿ ತೀರ್ಮಾನಿಸಬಾರದು. ವೈಪರ್ ಎಳೆದ ನೀರನ್ನು ಗಾಜಿನ ಬಾಟಲಿಗೆ ಹಿಡಿದು ಮುಚ್ಚಳ ಹಾಕಿ ಕುಲುಕಿ. ನೊರೆ ಕೆಲವೇ ಸೆಕೆಂಡಿನಲ್ಲಿ ಒಡೆದು ಹೋದರೆ ಸೋಪು ಹೋಗಿದೆ. ಬಾಟಲಿಯ ಕತ್ತಿಗೆ ಹತ್ತಿ ನಿಂತರೆ ಇನ್ನೂ ಇದೆ. ಚಿಕ್ಕಮ್ಮನಿಗೆ ಈ ಆಟ ಹಿಡಿಸಿತು. ಪ್ರತಿ ಸುತ್ತಿಗೂ ಬಾಟಲಿ ಹಿಡಿದು ನಿಂತುಬಿಟ್ಟರು.

ಕೊನೆಯ ನೀರಿಗೆ ವಿನೆಗರ್. ಹತ್ತು ಲೀಟರ್ ಬಕೆಟ್‌ಗೆ ಒಂದು ದೊಡ್ಡ ಲೋಟ, ಅಂದರೆ 200 ಮಿಲಿಯಷ್ಟು ಬಿಳಿ ವಿನೆಗರ್. ಅಡುಗೆಗೆ ಮಾರುವ ಮಾಮೂಲಿ ವಿನೆಗರ್ ಸಾಕು. ಅದನ್ನು ಮಗ್ಗಿನಲ್ಲಿ ಎಲ್ಲ ಕಡೆ ಹರಡಿ, ವಾಸನೆಯ ಪಟ್ಟಿಗೆ ಹಿಂದೆ ಮುಂದೆ ಎರಡೂ ಕಡೆ ಚೆನ್ನಾಗಿ ಕುಡಿಸಿ, ಐದು ನಿಮಿಷ ಬಿಟ್ಟು ವೈಪರ್ ಎಳೆದೆವು. ಉಳಿದ ಕ್ಷಾರವನ್ನು ಅದು ಕೊಲ್ಲುತ್ತದೆ, ಬಣ್ಣ ಹಿಡಿದು ನಿಲ್ಲಲು ನೆರವಾಗುತ್ತದೆ. ಹುಳಿ ವಾಸನೆಗೆ ಹುಳಿಯನ್ನೇ ಹಾಕುವುದು ವಿಚಿತ್ರ ಅನ್ನಿಸಬಹುದು. ಆದರೆ ವಿನೆಗರ್‌ನ ಆಮ್ಲ ಆವಿಯಾಗಿ ಹೋಗುವಂಥದ್ದು, ಕಾರ್ಪೆಟ್ ಒಣಗಿದಾಗ ಅದರ ವಾಸನೆಯೂ ಇರುವುದಿಲ್ಲ. ಒಣಗಿದ ಮೇಲೂ ಹುಳಿ ಉಳಿದಿದ್ದರೆ ಅದು ವಿನೆಗರ್ ಅಲ್ಲ.

ಒಣಗುವುದಕ್ಕೆ ಬಿಡುವ ಮುಂಚೆ ನೀರು ತೆಗೆಯುವುದು

ನನ್ನ ಲೆಕ್ಕದಲ್ಲಿ ಇಡೀ ಕೆಲಸ ನಿಂತಿರುವುದು ಈ ಒಂದು ಗಂಟೆಯ ಮೇಲೆ. ಪೈಪ್ ನಿಲ್ಲಿಸಿದಾಗ ಕಾರ್ಪೆಟ್ ತೂಗಿದೆವು, ಇಬ್ಬರು ಹಿಡಿದು. ನೀರು ಸುರಿಯುತ್ತಲೇ 21 ಕೆಜಿ ಆಸುಪಾಸು. ವೈಪರ್ ಅನ್ನು ಎರಡೂ ಬದಿಗೆ, ಇನ್ನು ನೀರೇ ಬರುವುದಿಲ್ಲ ಅನ್ನುವ ತನಕ ಎಳೆದ ಮೇಲೆ 14. ಆಮೇಲೆ ಹಳೇ ಟವೆಲ್, ಪಂಚೆಗಳನ್ನು ಮೇಲೆ ಹಾಸಿ, ಜೊತೆಗೆ ಸುತ್ತಿ, ಸುರುಳಿಯ ಮೇಲೆ ಮಂಡಿಯೂರಿ ಒತ್ತುತ್ತಾ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದೆ. ಟವೆಲ್ ಹಿಂಡಿ ಮತ್ತೆ ಅದೇ. 12.5 ಕೆಜಿಗೆ ಬಂತು.

ಎಂಟೂವರೆ ಲೀಟರ್ ನೀರು ಕೈಯಿಂದಲೇ ಹೋಯಿತು. ಗಾಳಿಗೆ ಉಳಿದದ್ದು ಸುಮಾರು ನಾಲ್ಕು ಲೀಟರ್. ಬರೀ ನೇತುಹಾಕಿ ಬಿಟ್ಟಿದ್ದರೆ? ಒಂದಷ್ಟು ತೊಟ್ಟಿಕ್ಕುತ್ತಿತ್ತು, ಮಿಕ್ಕಿದ್ದೆಲ್ಲ ಆವಿಯಾಗಬೇಕಿತ್ತು. ಒದ್ದೆ ನೂಲು ಒಂದೆರಡು ದಿನ ದಾಟಿದರೆ ಹುಳಿಯಾಗುವ ಅಪಾಯ. ಹೊರಗಿನ ಗಾಳಿ ಮಳೆಗಾಲದ್ದು. ಆ ಹೊತ್ತಿನೊಳಗೆ ನಾಲ್ಕು ಲೀಟರ್ ಒಣಗಬಹುದು, ಅದರ ಎರಡರಷ್ಟಿದ್ದರೆ ಒಣಗುವುದಿಲ್ಲ. ನೀರೆಳೆಯುವ ವ್ಯಾಕ್ಯೂಮ್ ಕ್ಲೀನರ್ ಇದ್ದವರು ಟವೆಲ್ ಬದಲು ಅದನ್ನೇ ಬಳಸಬಹುದು, ಇನ್ನೂ ಚೆನ್ನಾಗಿ ಎಳೆಯುತ್ತದೆ. ಹಿಂಡುವುದು, ತಿರುಚುವುದು ಮಾತ್ರ ಬೇಡ. ಒದ್ದೆ ಹಾಸು ಒಮ್ಮೆ ಸೊಟ್ಟಗಾದರೆ ಕಾರ್ಪೆಟ್ ಹಾಗೇ ಒಣಗುತ್ತದೆ, ನೆಲದ ಮೇಲೆ ಮತ್ತೆ ಸಪಾಟಾಗಿ ಕೂರುವುದಿಲ್ಲ.

ಗಾಳಿಗೆ ಒಡ್ಡಿದ್ದು

ಎರಡು ಸಾಲು ಪ್ಲಾಸ್ಟಿಕ್ ಕುರ್ಚಿ, ಅವುಗಳ ಮೇಲೆ ಅಡ್ಡಲಾಗಿ ಪಿವಿಸಿ ಪೈಪ್‌ಗಳು, ಪೈಪ್‌ಗಳ ಮೇಲೆ ಕಾರ್ಪೆಟ್, ಹಿಂಬದಿ ಮೇಲಾಗಿ. ಹಗ್ಗದ ಮಂಚ ಇದ್ದರೆ ಇನ್ನೂ ಸುಲಭ. ಹಿಂಬದಿ ಮೇಲೆ ಇಡುವುದಕ್ಕೆ ಎರಡು ಕಾರಣ. ಕೊನೆಗೆ ಒಣಗುವ ಹತ್ತಿಗೆ ನೇರ ಗಾಳಿ ಸಿಗುತ್ತದೆ, ಬಿಸಿಲು ಬಂದರೂ ಬಣ್ಣ ಕೆಳಗೆ ನೆರಳಲ್ಲಿರುತ್ತದೆ. ಇನ್ನೊಂದು, ನೀರು ಯಾವ ಮುಖದಿಂದ ಆವಿಯಾಗುತ್ತದೋ ಒಳಗಿನ ಉಳಿದ ಕೊಳೆಯನ್ನೂ ಅದೇ ಮುಖಕ್ಕೆ ಎಳೆದು ತರುತ್ತದೆ. ಅದು ಹಿಂಬದಿಗೆ ಬಂದರೆ ಯಾರಿಗೂ ಕಾಣುವುದಿಲ್ಲ. ಮೇಲ್ಮುಖಕ್ಕೆ ಬಂದರೆ ಎಳೆಯ ತುದಿಯಲ್ಲಿ ಕಂದು ಕಲೆ. ಪೈಪ್ ತಗಲಿದ ಜಾಗ ಒದ್ದೆ ಉಳಿಯದಿರಲಿ ಅಂತ ನಡುನಡುವೆ ಕಾರ್ಪೆಟ್ ಅನ್ನು ಒಂದು ಗೇಣು ಸರಿಸುತ್ತಿದ್ದೆವು. ಗೋಡೆಯ ಪಟ್ಟಿಯ ಕಥೆ ಇಲ್ಲೂ ಆಗಬಾರದಲ್ಲ.

ಸಂಜೆಗೆ ತೂಕ 10 ಕೆಜಿ. ಮೇಲೆ ಮುಟ್ಟಿದರೆ ಆಗಲೇ ಒಣಗಿದ ಹಾಗೆ! "ಹಾಸಿಬಿಡೋಣವೇನೋ?" ಅಂದರು ಚಿಕ್ಕಮ್ಮ. ಕ್ಯಾಲೆಂಡರ್ ಮೇಲಿನ 9.4 ತೋರಿಸಿದೆ. ಹುಳಿ ಹೊಡೆಯುತ್ತಿದ್ದಾಗ ಇದಕ್ಕಿಂತ ಕಡಿಮೆ ಇತ್ತು. ಸುಮ್ಮನಾದರು.

ರಾತ್ರಿ ಹಾಲ್‌ನಲ್ಲಿ ಅದೇ ಕುರ್ಚಿ ಪೈಪ್ ವ್ಯವಸ್ಥೆ. ಒಂದು ಫ್ಯಾನ್ ಕಾರ್ಪೆಟ್ ಕೆಳಗೆ ಗಾಳಿ ಹೊಡೆಯುವ ಹಾಗೆ, ಇನ್ನೊಂದು ಕಿಟಕಿಯ ಕಡೆ ಮುಖ ಮಾಡಿ ಒಳಗಿನ ಗಾಳಿಯನ್ನು ಹೊರಗೆ ತಳ್ಳುವ ಹಾಗೆ. ಎರಡನೆಯದನ್ನು ಜನ ಮರೆಯುತ್ತಾರೆ. ಮುಚ್ಚಿದ ಕೋಣೆಯಲ್ಲಿ ಫ್ಯಾನ್ ಎಷ್ಟು ಹಾಕಿದರೂ ಕಾರ್ಪೆಟ್ ಬಿಟ್ಟ ತೇವ ಅಲ್ಲೇ ಸುತ್ತುತ್ತದೆ. ಬೆಳಗ್ಗೆ ತೂಕ ಒಂಬತ್ತರ ಹತ್ತಿರ. ಆ ದಿನ ಮತ್ತೆ ತಾರಸಿ, ಸಂಜೆಗೆ 8.5. ಇನ್ನೊಂದು ರಾತ್ರಿ ಫ್ಯಾನ್, ಮತ್ತೊಂದು ಹಗಲು, 8.3. ಅಲ್ಲಿಂದ ಮುಂದೆ ತಕ್ಕಡಿ ಕದಲಲಿಲ್ಲ. ಬೆಳಗ್ಗೆ ಸಂಜೆ ಎರಡೂ ಹೊತ್ತು ಒಂದೇ ತೂಕ ಬಂದರೆ ಒಣಗಿದೆ ಅಂತ ಲೆಕ್ಕ.

ಈಗ ಆ ಮೊದಲ 9.4ಕ್ಕೆ ಅರ್ಥ ಬಂತು. ಮೂರು ದಿನ ಒಣಗಿಸಿ, ಗರಿಗರಿ ಇದೆ ಅಂದ ಕಾರ್ಪೆಟ್‌ನಲ್ಲಿ, ಉದುರಿದ ಧೂಳು, ಹೋದ ಸೋಪು ಬಿಟ್ಟರೂ, ಹೆಚ್ಚುಕಮ್ಮಿ ಒಂದು ಲೀಟರ್ ನೀರಿತ್ತು.

ತಕ್ಕಡಿ ಇಲ್ಲದವರು ಇನ್ನೊಂದು ಮಾಡಬಹುದು. ಹಿಂಬದಿಯ ಮೇಲೆ ಟಿಶ್ಯೂ ಪೇಪರ್ ಮಡಿಸಿ ಇಟ್ಟು, ಮೇಲೆ ನೀರು ತುಂಬಿದ ಚೊಂಬು ಹೇರಿ, ಕಾಲು ಗಂಟೆ ಬಿಡಿ. ಚೊಂಬಿನ ಹೊರಮೈ ಒಣಗಿರಲಿ. ಪೇಪರ್ ಮೆತ್ತಗಾಗಿದ್ದರೆ ಇನ್ನೂ ಒದ್ದೆ ಇದೆ. ತಕ್ಕಡಿಯ ಬಗ್ಗೆಯೂ ಒಂದು ಎಚ್ಚರಿಕೆ: ಉಣ್ಣೆ ಹವೆಯ ತೇವವನ್ನೂ ಹೀರುವುದರಿಂದ, ಮಳೆಗಾಲದಲ್ಲಿ ಈ ಅಳತೆಯ ಕಾರ್ಪೆಟ್ ಬೇಸಿಗೆಗಿಂತ ಮುನ್ನೂರು ನಾನೂರು ಗ್ರಾಂ ಜಾಸ್ತಿಯೇ ತೂಗಬಹುದು. ಮಾರ್ಚಿನ ತೂಕ ಆಗಸ್ಟ್‌ನಲ್ಲಿ ಬರಲಿಲ್ಲ ಅಂತ ಗಾಬರಿಯಾಗಬೇಡಿ. ತೊಳೆಯುವ ಹಿಂದಿನ ದಿನದ ತೂಕ ಬರೆದಿಟ್ಟರೆ ಈ ಗೊಂದಲ ಇಲ್ಲ.

ಹುಳಿ ವಾಸನೆ ಪೂರ್ತಿ ಹೋಯಿತು. ಒಂದು ಗುರುತು ಉಳಿಯಿತು: ಒಂದು ತುದಿಯ ಕುಚ್ಚಿನಲ್ಲಿ ತೆಳು ಕಂದು ಬಣ್ಣ. ಕುಚ್ಚು ಅಂದರೆ ಆ ಹಾಸಿನ ಹತ್ತಿಯೇ ಹೊರಗೆ ಚಾಚಿದ್ದು, ಬುಡದ ನೀರು ಅದರ ತುದಿಯವರೆಗೆ ಏರಿ ಅಲ್ಲಿ ಆವಿಯಾಗುತ್ತದೆ, ಕೊಳೆಯನ್ನು ಅಲ್ಲೇ ಬಿಡುತ್ತದೆ. ಮೊದಲ ಸಲದ ಒಣಗುವಿಕೆಯಲ್ಲೇ ಅದು ಬಂದಿತ್ತು. ವಿನೆಗರ್ ನೀರಿನಲ್ಲಿ ಒರೆಸಿ ಸ್ವಲ್ಪ ಕಡಿಮೆ ಮಾಡಿದೆ. ಬ್ಲೀಚ್ ಹಾಕಿ ಬೆಳ್ಳಗೆ ಮಾಡು ಅಂದರು, ಒಪ್ಪಲಿಲ್ಲ. ಕುಚ್ಚು ಸವೆದರೆ ಗಂಟು ಬಿಚ್ಚಿಕೊಳ್ಳಲು ಶುರುವಾಗುತ್ತದೆ.

ಸಿಂಥೆಟಿಕ್ ಅಂತ ಸಲೀಸಾಗಿ ಬಿಡಬೇಡಿ

ಚಿಕ್ಕಮ್ಮನ ಸಿಂಥೆಟಿಕ್ ಕಾರ್ಪೆಟ್ ಬಚಾವಾಗಿದ್ದಕ್ಕೆ ಎಳೆ ಮಾತ್ರ ಕಾರಣವಲ್ಲ, ಅದರ ಹಿಂಬದಿಯೂ ಸಿಂಥೆಟಿಕ್ಕೇ ಆಗಿತ್ತು. ಮೆಷಿನ್ ಕಾರ್ಪೆಟ್‌ಗಳಲ್ಲಿ ಬಹಳಷ್ಟಕ್ಕೆ ಹಿಂದೆ ಸೆಣಬು ಇರುತ್ತದೆ. ತಿರುಗಿಸಿ ನೋಡಿದರೆ ಕಂದು ಬಣ್ಣದ, ಗೋಣಿಚೀಲದ ನೂಲೇ ಕಾಣುತ್ತದೆ. ಅಂಥದ್ದಕ್ಕೆ ಪೈಪ್ ಹಿಡಿದರೆ ಮೇಲಿನ ಎಳೆ ಒಂದು ಗಂಟೆಯಲ್ಲಿ ಒಣಗುತ್ತದೆ, ಸೆಣಬು ಒದ್ದೆಯಾಗಿ ಕೂತು ಉಣ್ಣೆಗಿಂತ ಬೇಗ ಹುಳಿಯಾಗುತ್ತದೆ. ಜೊತೆಗೆ ಅದರ ಕಂದು ಬಣ್ಣ ಮೇಲಕ್ಕೆ ಏರುತ್ತದೆ. ಸೆಣಬಿನ ಬೆನ್ನಿನ ಕಾರ್ಪೆಟ್‌ಗೆ ನೀರು ಸುರಿಯಬಾರದು. ಶಾಂಪೂ ನೀರನ್ನು ಕಲಕಿ ಎದ್ದ ನೊರೆಯನ್ನಷ್ಟೇ ಸ್ಪಂಜಿನಲ್ಲಿ ತೆಗೆದು ಮೇಲ್ಮೈ ಒರೆಸಿ, ಹಿಂಡಿದ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿ ತೆಗೆಯಬೇಕು. ಬೆನ್ನಿಗೆ ನೀರು ತಲುಪದಿದ್ದರೆ ಕೆಲಸ ಸರಿಯಾಗಿದೆ ಅಂತ.

ಉಣ್ಣೆಯಲ್ಲೂ ಹಿಂಬದಿ ನೋಡದೆ ಬಕೆಟ್ ಎತ್ತಬಾರದು. ಮುಂದಿನ ಚಿತ್ತಾರ ಹಿಂದೆಯೂ ಗಂಟು ಗಂಟಾಗಿ ಕಂಡರೆ ಕೈಗಂಟಿನದ್ದು, ಮೇಲೆ ಹೇಳಿದ ಹಾಗೆ ತೊಳೆಯಬಹುದು. ಹಿಂದೆ ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್. ಬಟ್ಟೆಗೂ ಉಣ್ಣೆಗೂ ನಡುವೆ ಲೇಟೆಕ್ಸ್ ಅಂಟಿನ ಪದರ ಇರುತ್ತದೆ, ನೀರು ಅದರ ಎರಡೂ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. ಅದರಲ್ಲಿ ಕೆಲವದಕ್ಕೆ ಅಂಟು ಹಳತಾಗಿ ಅದರದ್ದೇ ಒಂದು ಕಮಟು ವಾಸನೆ ಹುಟ್ಟುತ್ತದೆ. ಹಿಂದಿನಿಂದ ಬಿಳಿ ಪುಡಿ ಉದುರುತ್ತಿದ್ದರೆ ಅದೇ. ಆ ವಾಸನೆ ಯಾವ ಶಾಂಪೂವಿಗೂ, ಯಾವ ವಿನೆಗರ್‌ಗೂ ಹೋಗುವುದಿಲ್ಲ.

ಇನ್ನು ರೇಷ್ಮೆಯ ಹಾಗೆ ಹೊಳೆಯುವ, 'ಬ್ಯಾಂಬೂ ಸಿಲ್ಕ್' ಅಂತ ಮಾರುವ ಕಾರ್ಪೆಟ್‌ಗಳು. ಅವು ಸಾಮಾನ್ಯವಾಗಿ ವಿಸ್ಕೋಸ್, ಅಂದರೆ ಗಿಡಮರದ ತಿರುಳಿನಿಂದ ಮಾಡಿದ ಎಳೆ. ನೀರು ಬಿದ್ದರೆ ಎಳೆ ಬಿರುಸಾಗಿ, ಹಳದಿಗೆ ತಿರುಗುತ್ತವೆ. ಅನುಮಾನ ಬಂದರೆ ಹಿಂಬದಿ ಅಂಚಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಸಿಂಥೆಟಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ವಿಸ್ಕೋಸ್ ಕಾಗದದ ವಾಸನೆ ಬೀರಿ ಪೂರ್ತಿ ಉರಿದುಹೋಗುತ್ತದೆ. ಆ ಮೂರನೆಯದಾಗಿದ್ದರೆ ಒಣ ಬ್ರಷ್ಷು, ವ್ಯಾಕ್ಯೂಮ್ ಅಷ್ಟೇ, ನೀರಿನ ಹತ್ತಿರವೇ ತರಬೇಡಿ.